ಕಾಗದದಾಗ ಐದು, ಬಾವ್ಯಾಗ ಏಳೂವರಿ

ಕ್ಯಾಂಪಸ್ ಸಂದರ್ಶನಕ್ಕೆ ಕೂರುವ ಹುಡುಗ ಹುಡುಗಿಯರ ರೆಸ್ಯೂಮೆಗಳನ್ನು ಒಟ್ಟಿಗೆ ಹರಡಿಕೊಂಡು ಓದಿದರೆ ಒಂದು ವಿಚಿತ್ರ ಕಾಣುತ್ತದೆ. ಹೆಸರು, ಊರು, ಅಂಕಗಳು ಬೇರೆ ಬೇರೆ, ಆದರೆ ಪ್ರಾಜೆಕ್ಟ್‌ಗಳು ಮಾತ್ರ ಒಂದೇ ಅಚ್ಚಿನವು. ಮಣ್ಣಿನ ತೇವ ನೋಡಿ ನೀರು ಬಿಡುವ ಯಂತ್ರ, ಮುಖ ಗುರುತಿಸಿ ಹಾಜರಿ ಹಾಕುವ ವ್ಯವಸ್ಥೆ, ಮೊಬೈಲ್‌ನಿಂದ ದೀಪ ಹಚ್ಚುವ ಮನೆ. ಇವು ಕೆಟ್ಟ ವಿಷಯಗಳಲ್ಲ. ಆದರೆ ಎದುರಿಗೆ ಕುಳಿತ ಎಂಜಿನಿಯರನಿಗೆ ಇವುಗಳಿಂದ ತಿಳಿಯುವುದು ಒಂದೇ ಸಂಗತಿ: ಈ ಅಭ್ಯರ್ಥಿಗೆ ಸಿಲಬಸ್‌ನಲ್ಲಿ ಪ್ರಾಜೆಕ್ಟ್ ಕಡ್ಡಾಯವಾಗಿತ್ತು.

ಹೊಸಬನಿಗೆ ಅನುಭವವಿಲ್ಲ ಎಂಬುದು ಕಂಪನಿಗೆ ಗೊತ್ತಿರುತ್ತದೆ, ಅದಕ್ಕೇ ಆ ಹುದ್ದೆಗೆ ಪ್ರವೇಶ ಹಂತ ಎಂಬ ಹೆಸರು. ಹಾಗಾಗಿ ಸಂದರ್ಶಕ ಹುಡುಕುವುದು ಅನುಭವವನ್ನಲ್ಲ. ಕೊಟ್ಟ ಕೆಲಸದಲ್ಲಿ ಲೆಕ್ಕ ತಾಳೆಯಾಗದಿದ್ದಾಗ ಈ ವ್ಯಕ್ತಿ ಏನು ಮಾಡುತ್ತಾನೆ ಎಂಬುದಕ್ಕೆ ಒಂದು ಸಾಕ್ಷಿ ಅವನಿಗೆ ಬೇಕು. ಅಂಕಪಟ್ಟಿಯಲ್ಲಿ ಆ ಸಾಕ್ಷಿ ಸಿಗುವುದಿಲ್ಲ, ಏಕೆಂದರೆ ಪರೀಕ್ಷೆಯ ಪ್ರಶ್ನೆಗೆ ಉತ್ತರ ಮೊದಲೇ ಯಾರಿಗೋ ಗೊತ್ತಿರುತ್ತದೆ. ವಿದ್ಯಾರ್ಥಿ ಜೀವನದಲ್ಲಿ ಉತ್ತರ ಯಾರಿಗೂ ಗೊತ್ತಿಲ್ಲದ ಪ್ರಶ್ನೆ ಎದುರಾಗಬಹುದಾದ ಜಾಗ ಪ್ರಾಜೆಕ್ಟ್ ಒಂದೇ. ಆ ಜಾಗವನ್ನು ನಕಲು ಶೀರ್ಷಿಕೆಯಿಂದ ತುಂಬಿದವನು ತನ್ನ ಕೈಲಿದ್ದ ಏಕೈಕ ಸಾಕ್ಷಿಯನ್ನು ತಾನೇ ಅಳಿಸಿದಂತೆ.

ಈ ಮಾತನ್ನು ಗೋಕಾಕ, ಮೂಡಲಗಿ, ಹುಕ್ಕೇರಿಯ ನೆಲದ ಮೇಲೆ ನಿಂತು ಪರೀಕ್ಷಿಸಬಹುದು. ಬೆಂಗಳೂರಿನವರಿಗೆ ಇರುವ ಅವಕಾಶ ನಮ್ಮ ಮಕ್ಕಳಿಗಿಲ್ಲ, ಸುತ್ತಮುತ್ತ ಕಂಪನಿಗಳಿಲ್ಲ, ಪ್ರಾಜೆಕ್ಟ್‌ಗೆ ವಿಷಯವೇ ಸಿಗುವುದಿಲ್ಲ ಎಂಬ ದೂರು ಇಲ್ಲಿ ಸಾಮಾನ್ಯ. ಕಂಪನಿಗಳ ವಿಷಯದಲ್ಲಿ ದೂರು ನಿಜ. ವಿಷಯ ಸಿಗುವುದಿಲ್ಲ ಎಂಬುದು ಮಾತ್ರ ನಿಜವಲ್ಲ. ಘಟಪ್ರಭೆಗೆ ಹಿಡಕಲ್‌ನಲ್ಲಿ ಅಣೆಕಟ್ಟು, ಧೂಪದಾಳದಲ್ಲಿ ಬ್ರಿಟಿಷರ ಕಾಲದ ಒಡ್ಡು, ಅಲ್ಲಿಂದ ಕಾಲುವೆ, ಕಾಲುವೆ ಮುಟ್ಟದಲ್ಲಿ ಬಾವಿ ಮತ್ತು ಬೋರು, ಅವುಗಳ ಮೇಲೆ ಪಂಪ್‌ಸೆಟ್ಟು, ಕಬ್ಬು, ಕಬ್ಬಿಗೆ ಸಂಕೇಶ್ವರದ ಹಿರಣ್ಯಕೇಶಿಯಂಥ ಸಕ್ಕರೆ ಕಾರ್ಖಾನೆ. ಇವೆಲ್ಲದರ ನಡುವೆ ಹುಕ್ಕೇರಿಯಲ್ಲಿ ರಾಜ್ಯದ ಬೇರೆಲ್ಲೂ ಇಲ್ಲದ ಒಂದು ಸಂಸ್ಥೆಯಿದೆ. 1969ರಲ್ಲಿ ಹುಟ್ಟಿದ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಸಗಟಾಗಿ ವಿದ್ಯುತ್ ಕೊಂಡು ತನ್ನ ಸದಸ್ಯರಿಗೆ ತಾನೇ ಹಂಚುತ್ತದೆ. ಪಕ್ಕದ ಗೋಕಾಕ, ಮೂಡಲಗಿಗಳಲ್ಲಿ ಅದೇ ಕೆಲಸ ಹೆಸ್ಕಾಂನದು. ಹುಕ್ಕೇರಿ ತಾಲೂಕಿನ ನಿಡಸೋಸಿಯಲ್ಲಿ 1996ರಿಂದ ಹಿರಾಶುಗರ್ ತಾಂತ್ರಿಕ ವಿದ್ಯಾಲಯ ನಡೆಯುತ್ತಿದೆ, ಅದು ಸೇರಿದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕೇಂದ್ರವೂ ಬೆಳಗಾವಿಯಲ್ಲೇ ಇದೆ. ಅಂದರೆ ಪ್ರಶ್ನೆಗಳು, ಆ ಪ್ರಶ್ನೆಗಳಿಗೆ ಬೇಕಾದ ವಿದ್ಯೆ ಕಲಿಸುವ ಕಾಲೇಜು, ಎರಡೂ ಬಸ್ಸಿನ ದೂರದಲ್ಲಿವೆ.

ಒಂದು ಪ್ರಶ್ನೆಯನ್ನು ಕೈಗೆತ್ತಿಕೊಂಡು ಕೊನೆಯವರೆಗೆ ನಡೆಸಿ ನೋಡೋಣ. ಕರ್ನಾಟಕದಲ್ಲಿ 10 ಎಚ್‌ಪಿವರೆಗಿನ ನೀರಾವರಿ ಪಂಪ್‌ಸೆಟ್ಟುಗಳಿಗೆ ವಿದ್ಯುತ್ ಉಚಿತ, ಅದರ ಹಣವನ್ನು ಸರ್ಕಾರ ತುಂಬಿಕೊಡುತ್ತದೆ. ಬಿಲ್ಲಿಲ್ಲದ ಕಡೆ ಪ್ರತಿ ಪಂಪಿಗೂ ಮೀಟರ್ ಇರುವುದು ಅಪರೂಪ. ಹಾಗಾದರೆ ಪಂಪುಗಳು ಎಷ್ಟು ಯೂನಿಟ್ ಬಳಸಿದವು ಎಂದು ತಿಳಿಯುವುದು ಹೇಗೆ? ಅಂದಾಜು ಮಾಡಬೇಕು. ಅಂದಾಜು ಹೆಚ್ಚಾದರೆ ತಂತಿಯಲ್ಲಿ ಸೋರಿದ್ದು, ಕದ್ದು ಬಳಸಿದ್ದು ಎಲ್ಲವೂ ರೈತರ ಲೆಕ್ಕದಲ್ಲಿ ಅಡಗುತ್ತದೆ. ಅಂದಾಜು ಕಡಿಮೆಯಾದರೆ ರೈತ ನಿಜವಾಗಿ ಬಳಸಿದ್ದೂ ನಷ್ಟದ ಖಾತೆಗೆ ಬೀಳುತ್ತದೆ. ವಿದ್ಯುತ್ ಹಂಚುವ ಪ್ರತಿ ಸಂಸ್ಥೆಯೂ ಈ ತೊಡಕಿನೊಡನೆ ಬದುಕುತ್ತಿದೆ. ಎಲೆಕ್ಟ್ರಿಕಲ್ ಓದುವ ನಾಲ್ವರ ತಂಡ ಇಡೀ ತಾಲೂಕಿನ ಉತ್ತರ ಹುಡುಕಲಾರದು, ಆದರೆ ಒಂದೇ ಒಂದು ಟಿಸಿಯ ಉತ್ತರ ಹುಡುಕಬಹುದು. ಟ್ರಾನ್ಸ್‌ಫಾರ್ಮರನ್ನು ನಮ್ಮ ಕಡೆ ಟಿಸಿ ಎಂದೇ ಕರೆಯುತ್ತಾರೆ, ನಾನೂ ಹಾಗೇ ಕರೆಯುತ್ತೇನೆ.

ಇಲ್ಲಿಂದ ಮುಂದಿನ ಅಂಕಿಗಳು ವಾದಕ್ಕಾಗಿ ಕಟ್ಟಿಕೊಂಡವು, ಆದರೆ ಪ್ರಮಾಣ ಹೊಲದಲ್ಲಿ ಕಾಣುವಂಥದ್ದೇ. ಒಂದು 63 ಕೆವಿಎ ಟಿಸಿ, ಅದರ ಮೇಲೆ ಹತ್ತು ಪಂಪು, ಮಂಜೂರಾತಿ ಪತ್ರದ ಪ್ರಕಾರ ಎಲ್ಲವೂ 5 ಎಚ್‌ಪಿಯವು. ಐದು ಎಚ್‌ಪಿ ಎಂದರೆ 3.73 ಕಿಲೋವ್ಯಾಟ್. ಅದು ಮೋಟಾರು ಕೊಡುವ ಶಕ್ತಿ, ತೆಗೆದುಕೊಳ್ಳುವುದು ಇನ್ನೂ ಹೆಚ್ಚು. ದಕ್ಷತೆ ಶೇ. 80 ಎಂದು ಹಿಡಿದರೆ ಒಂದು ಪಂಪು ಎಳೆಯುವುದು 4.66 ಕಿಲೋವ್ಯಾಟ್. ದಿನಕ್ಕೆ ಏಳು ತಾಸು ತ್ರೀಫೇಸ್, ಕರೆಂಟು ಬಂದೊಡನೆ ತಾನೇ ಶುರುವಾಗುವ ಆಟೋ ಸ್ಟಾರ್ಟರ್, ಬೇಸಿಗೆಯ ಕಬ್ಬು. ಹೀಗಾಗಿ ಹತ್ತೂ ಪಂಪು ಒಟ್ಟಿಗೇ ಓಡುತ್ತವೆ ಎಂದು ಭಾವಿಸುವುದು ತಪ್ಪಲ್ಲ. ತಿಂಗಳಲ್ಲಿ 25 ದಿನಕ್ಕೆ ಸುಮಾರು 8,155 ಯೂನಿಟ್ ಆಗಬೇಕು. ಟಿಸಿಗೆ ಕೂರಿಸಿದ ಮೀಟರ್ ಮಾತ್ರ 9,600 ತೋರಿಸಿತು ಎಂದಿಟ್ಟುಕೊಳ್ಳಿ. ವ್ಯತ್ಯಾಸ 1,445 ಯೂನಿಟ್. ಕಾಗದದ ಲೆಕ್ಕವನ್ನೇ ನಂಬಿದರೆ ಈ ಟಿಸಿಯ ಕೆಳಗೆ ಶೇ. 15ರಷ್ಟು ವಿದ್ಯುತ್ ನಷ್ಟ ಎಂದು ವರದಿ ಬರೆಯಬೇಕಾಗುತ್ತದೆ.

ಬಹುತೇಕ ಪ್ರಾಜೆಕ್ಟ್ ವರದಿಗಳು ಇಲ್ಲಿಗೇ ನಿಂತು, ಮೀಟರಿನ ಅಂಕಿಯನ್ನು ಮೊಬೈಲಿಗೆ ಕಳಿಸುವ ಒಂದು ಪೆಟ್ಟಿಗೆ ಮಾಡಿ, ಅದಕ್ಕೆ ಸ್ಮಾರ್ಟ್ ಎಂಬ ವಿಶೇಷಣ ಅಂಟಿಸಿ ಮುಗಿಯುತ್ತವೆ. ಕೆಲಸಕ್ಕೆ ಯೋಗ್ಯತೆ ಕಾಣಿಸುವುದು ಇದರ ಮುಂದಿನ ಭಾಗದಲ್ಲಿ. ಈ 1,445 ಯೂನಿಟ್ ಎಲ್ಲಿ ಹೋಯಿತು?

ತಂಡ ಮೊದಲು ಕಾರಣಗಳನ್ನು ಸಾಲಾಗಿ ಬರೆದುಕೊಳ್ಳಬೇಕು, ಆಮೇಲೆ ಒಂದೊಂದನ್ನೇ ಕೆಡವಲು ನೋಡಬೇಕು. ಮೀಟರ್ ಓದುವಾಗಲೇ ತಪ್ಪಾಗಿರಬಹುದು. ಟಿಸಿಯ ದೊಡ್ಡ ಕರೆಂಟು ನೇರ ಮೀಟರಿಗೆ ಹೋಗದೆ ಸಿಟಿ ಎಂಬ ಸಣ್ಣ ಟ್ರಾನ್ಸ್‌ಫಾರ್ಮರಿನ ಮೂಲಕ ಇಳಿದು ಹೋಗುತ್ತದೆ, ಅದರ ಮೇಲೆ 100/5 ಎಂದು ಬರೆದಿದ್ದರೆ ಓದಿದ್ದನ್ನು 20ರಿಂದ ಗುಣಿಸಬೇಕು, 150/5 ಇದ್ದರೆ 30ರಿಂದ. ಈ ಗುಣಕ ತಪ್ಪುವುದು ಕ್ಷೇತ್ರದಲ್ಲಿ ಹೊಸದಲ್ಲ. ಆದರೆ ಅದು ತಪ್ಪಿದ್ದರೆ ಲೆಕ್ಕ ಒಂದೂವರೆ ಪಟ್ಟು ಹಿಗ್ಗಬೇಕಿತ್ತು ಅಥವಾ ಆ ಪ್ರಮಾಣದಲ್ಲಿ ಕುಗ್ಗಬೇಕಿತ್ತು. ಇಲ್ಲಿ ಹೆಚ್ಚಾಗಿರುವುದು ಅಂದಾಜಿನ ಮೇಲೆ ಶೇ. 18ರಷ್ಟು ಮಾತ್ರ. ಹಾಗಾಗಿ ಈ ಕಾರಣವನ್ನು ಕಂಬ ಹತ್ತದೆಯೇ, ಕುಳಿತಲ್ಲೇ ಪಕ್ಕಕ್ಕಿಡಬಹುದು, ನಂತರ ಸಿಟಿಯ ಫಲಕ ಓದಿ ಖಚಿತಪಡಿಸಿಕೊಂಡರಾಯಿತು.

ಎರಡನೆಯದು, ಪಂಪುಗಳು ಏಳು ತಾಸಿಗಿಂತ ಹೆಚ್ಚು ಓಡಿರಬಹುದು. ಎಂಟು ಕಾಲು ತಾಸು ಓಡಿದ್ದರೆ ಲೆಕ್ಕ ಸರಿಹೋಗುತ್ತದೆ. ಸಬ್‌ಸ್ಟೇಷನ್ನಿನ ಲಾಗ್ ಪುಸ್ತಕದಲ್ಲಿ ತ್ರೀಫೇಸ್ ಕೊಟ್ಟ ತಾಸುಗಳು ಇರುತ್ತವೆ, ಅದನ್ನು ನೋಡಬೇಕು. ಅಲ್ಲಿ ಏಳೇ ಎಂದಿದ್ದರೂ ಪ್ರಶ್ನೆ ಮುಗಿಯದು, ಏಕೆಂದರೆ ಸಿಂಗಲ್ ಫೇಸ್ ಇರುವ ಹೊತ್ತಿನಲ್ಲೂ ಕನ್ವರ್ಟರ್ ಹಾಕಿ ಮೋಟಾರು ಓಡಿಸುವವರಿದ್ದಾರೆ. ಮೀಟರಿನ ಅರ್ಧ ತಾಸಿನ ದಾಖಲೆ ತೆಗೆಸಿ ನೋಡಿದರೆ ಅದು ಗೊತ್ತಾಗುತ್ತದೆ, ಹಳ್ಳಿ ಮಲಗಿದ ಹೊತ್ತಿನಲ್ಲಿ ಒಂದೆರಡು ದೀಪಕ್ಕೆ ಸಾಕಾಗುವಷ್ಟು ಲೋಡಿದೆಯೋ ಅಥವಾ ಪಂಪುಗಳಿಗೆ ಸಾಕಾಗುವಷ್ಟೋ ಎಂದು.

ಮೂರನೆಯ ಕಾರಣ ತಿಳಿಯಲು ಹೊಲಕ್ಕೇ ಹೋಗಬೇಕು.

“ಮೋಟಾರ ಎಷ್ಟ ಎಚ್‌ಪೀದ ಐತ್ರಿ, ಕಾಕಾ?” ಎಂದು ವಿದ್ಯಾರ್ಥಿ ಕೇಳಿದರೆ, “ಕಾಗದದಾಗ ಐದು, ಬಾವ್ಯಾಗ ಏಳೂವರಿ” ಎಂಬ ಉತ್ತರ ಬರಬಹುದು. ನೀರು ಕೆಳಗಿಳಿದಂತೆ ಐದರ ಮೋಟಾರು ಎತ್ತಲಾರದೆ ರೈತ ದೊಡ್ಡದನ್ನು ಇಳಿಸಿರುತ್ತಾನೆ, ಮಂಜೂರಾತಿ ಮಾತ್ರ ಹಳೆಯದೇ ಉಳಿದಿರುತ್ತದೆ. ಆದರೆ ಮಾತನ್ನೇ ದತ್ತಾಂಶ ಎಂದು ಬರೆದುಕೊಳ್ಳುವಂತಿಲ್ಲ, ಅಳೆಯಬೇಕು. ಲೈನ್‌ಮನ್ ಸ್ಟಾರ್ಟರ್ ಪೆಟ್ಟಿಗೆ ತೆರೆದು ಟಾಂಗ್ ಟೆಸ್ಟರ್ ಹಿಡಿಯುತ್ತಾನೆ, ವಿದ್ಯಾರ್ಥಿ ಪಕ್ಕದಲ್ಲಿ ನಿಂತು ಬರೆದುಕೊಳ್ಳುತ್ತಾನೆ. ಪವರ್ ಫ್ಯಾಕ್ಟರ್ 0.8 ಎಂದರೆ 415 ವೋಲ್ಟಿನಲ್ಲಿ 5 ಎಚ್‌ಪಿ ಮೋಟಾರು ಸುಮಾರು 8.1 ಆಂಪಿಯರ್ ಎಳೆಯಬೇಕು, ಏಳೂವರೆಯದು 12.2. ಟೆಸ್ಟರ್ ಹತ್ತು ಆಂಪಿಯರಿನ ಹತ್ತಿರ ತೋರಿಸಿದರೆ? ಅವಸರದವನು ದೊಡ್ಡ ಮೋಟಾರು ಎಂದು ಬರೆದುಬಿಡುತ್ತಾನೆ. ಆದರೆ ಲೈನಿನ ಕೊನೆಯಲ್ಲಿ ವೋಲ್ಟೇಜ್ 350ಕ್ಕೆ ಕುಸಿದಿದ್ದರೆ ಅದೇ 5 ಎಚ್‌ಪಿ ಮೋಟಾರು 9.6 ಆಂಪಿಯರ್ ಎಳೆಯುತ್ತದೆ. ಕರೆಂಟನ್ನು ಒಂಟಿಯಾಗಿ ಅಳೆದರೆ ಕೆಟ್ಟ ಲೈನು ಯಾವುದು, ದೊಡ್ಡ ಮೋಟಾರು ಯಾವುದು ಎಂದು ಬೇರ್ಪಡಿಸಲು ಬಾರದು. ಕರೆಂಟು ಮತ್ತು ವೋಲ್ಟೇಜ್ ಎರಡನ್ನೂ ಒಂದೇ ಹೊತ್ತಿಗೆ ಅಳೆಯಬೇಕು. ಇಡೀ ಪ್ರಾಜೆಕ್ಟಿನ ಜೀವ ಈ ಒಂದು ನಿರ್ಧಾರದಲ್ಲಿದೆ.

ಈಗ ಫಲ ನೋಡಿ. ಹತ್ತರಲ್ಲಿ ಆರು ಪಂಪುಗಳನ್ನು ಅಳೆಯಲು ಸಿಕ್ಕಿತು, ಉಳಿದ ನಾಲ್ಕರ ಮಾಲೀಕರು ಆ ದಿನ ಇರಲಿಲ್ಲ. ಅಳೆದ ಆರರಲ್ಲಿ ಎರಡು 400 ವೋಲ್ಟಿನ ಆಸುಪಾಸಿನಲ್ಲೇ 12 ಆಂಪಿಯರಿಗಿಂತ ಹೆಚ್ಚು ಎಳೆಯುತ್ತಿದ್ದವು. ಅದೇ ಪ್ರಮಾಣ ಹತ್ತಕ್ಕೂ ಅನ್ವಯಿಸುತ್ತದೆ ಎಂದುಕೊಂಡರೆ ಮೂರು ಪಂಪು ಏಳೂವರೆ ಎಚ್‌ಪಿಯವು. ಆಗ ತಿಂಗಳ ಬಳಕೆ ಸುಮಾರು 9,380 ಯೂನಿಟ್. ಮೀಟರಿನ 9,600ಕ್ಕೂ ಇದಕ್ಕೂ ಉಳಿದ ಅಂತರ 220 ಯೂನಿಟ್ ಮಾತ್ರ, ಅದು ತಂತಿಯ ನಷ್ಟವಿರಬಹುದು, ಸಿಂಗಲ್ ಫೇಸ್ ಓಟವಿರಬಹುದು. ಶೇ. 15 ನಷ್ಟ ಎಂದು ಕಂಡದ್ದರಲ್ಲಿ ಬಹುಪಾಲು ನಷ್ಟವೇ ಅಲ್ಲ, ಕಾಗದಕ್ಕೆ ಬಾರದ ಲೋಡು. ಪರಿಹಾರವೂ ಇದರಿಂದ ಬದಲಾಗುತ್ತದೆ. ನಷ್ಟವೆಂದು ನಂಬಿದ ಕಚೇರಿ ತಂತಿ ಬದಲಿಸಲು ಹಣ ಹಾಕುತ್ತದೆ. ಲೋಡೆಂದು ತಿಳಿದರೆ ಟಿಸಿಯ ಮೇಲೆ ಒಟ್ಟು 67 ಕೆವಿಎ ಕೂತಿದೆ ಎಂದು ಗೊತ್ತಾಗುತ್ತದೆ, 63ರ ಟಿಸಿ ಬೇಸಿಗೆಯಲ್ಲಿ ಸುಟ್ಟುಹೋಗುವುದು ಯಾಕೆ ಎಂಬುದಕ್ಕೆ ಉತ್ತರ ಸಿಗುತ್ತದೆ, 100 ಕೆವಿಎ ಟಿಸಿ ಕೇಳಲು ಆಧಾರವೂ ಸಿಗುತ್ತದೆ.

ಇಷ್ಟು ಮಾಡಿದ ತಂಡದ ಒಬ್ಬ ಹುಡುಗಿ ಸಂದರ್ಶನಕ್ಕೆ ಹೋಗುತ್ತಾಳೆ. ತಾನು ಆ ಹುದ್ದೆಗೆ ತಕ್ಕವಳು ಎಂದು ಅವಳು ತೋರಿಸುವುದು ಹೇಗೆ? ಇಲ್ಲಿ ನನ್ನ ಮುಖ್ಯ ವಾದವಿದೆ. ಹೊಂದಿಕೆ ಎನ್ನುವುದು ಪ್ರಾಜೆಕ್ಟಿನೊಳಗೆ ಮೊದಲೇ ಕುಳಿತಿರುವ ಗುಣವಲ್ಲ. ಹುದ್ದೆಯ ಒಂದು ಕರ್ತವ್ಯವನ್ನು ಹಿಡಿದು, ಅದಕ್ಕೆ ಸಮನಾದ ತನ್ನ ಒಂದು ನಿರ್ಧಾರವನ್ನು ಪ್ರಾಜೆಕ್ಟಿನಿಂದ ಎತ್ತಿ, ಎರಡನ್ನೂ ಅಭ್ಯರ್ಥಿಯೇ ಜೋಡಿಸಿ ತೋರಿಸಬೇಕು. ಸಂದರ್ಶಕ ತಾನೇ ಜೋಡಿಸಿಕೊಳ್ಳಲಿ ಎಂದು ಬಿಟ್ಟರೆ ಅವನು ಜೋಡಿಸುವುದಿಲ್ಲ, ಅವನ ಮುಂದೆ ಇನ್ನೂ ಅರವತ್ತು ಮಂದಿ ಇದ್ದಾರೆ.

ಸ್ಮಾರ್ಟ್ ಮೀಟರ್ ಕೂರಿಸುವ ಗುತ್ತಿಗೆ ಕಂಪನಿಯ ಟ್ರೈನಿ ಹುದ್ದೆ ಎಂದುಕೊಳ್ಳಿ. ಅಲ್ಲಿನ ದಿನದ ಕೆಲಸ ಕಂಬದ ಬುಡದಲ್ಲಿ, ಗುಣಕ, ಸಿಟಿ, ತಾಳೆಯಾಗದ ಓದಿಕೆಗಳ ನಡುವೆ. ಅವಳು ಎತ್ತಬೇಕಾದದ್ದು ಗುಣಕದ ತಪ್ಪನ್ನು ಪ್ರಮಾಣ ನೋಡಿಯೇ ಪಕ್ಕಕ್ಕಿಟ್ಟ ಸಂಗತಿಯನ್ನು. ಅದೇ ಪ್ರಾಜೆಕ್ಟನ್ನು ಸಕ್ಕರೆ ಕಾರ್ಖಾನೆಯ ಎಲೆಕ್ಟ್ರಿಕಲ್ ವಿಭಾಗಕ್ಕೆ ಒಯ್ದರೆ ಮೀಟರಿನ ಕಥೆ ಹಿಂದಕ್ಕೆ ಸರಿಯಬೇಕು. ಅಲ್ಲಿ ನೂರಾರು ಮೋಟಾರುಗಳಿವೆ, ಹಂಗಾಮಿನಲ್ಲಿ ಒಂದು ನಿಂತರೆ ಅರೆಯುವುದೇ ನಿಲ್ಲುತ್ತದೆ. ಅವರಿಗೆ ಬೇಕಾದ್ದು ಹೆಚ್ಚು ಕರೆಂಟು ಕಂಡೊಡನೆ ಮೋಟಾರನ್ನು ದೂರದೆ ಮೊದಲು ವೋಲ್ಟೇಜ್ ನೋಡುವ ಕಣ್ಣು, ಮತ್ತು ಜೀವಂತ ಪೆಟ್ಟಿಗೆಗೆ ತಾನೇ ಕೈ ಹಾಕದೆ ಅಧಿಕಾರವಿದ್ದವನಿಂದ ಅಳೆಸಿದ ಶಿಸ್ತು. ಇನ್ನು ಹುಬ್ಬಳ್ಳಿಯಲ್ಲೋ ಬೆಂಗಳೂರಿನಲ್ಲೋ ಸಾಫ್ಟ್‌ವೇರ್ ಕಂಪನಿಯ ಅನಲಿಸ್ಟ್ ಹುದ್ದೆಗೆ ಟಿಸಿ ಯಾಕೆ ಬೇಕು ಎನ್ನಬಹುದು. ಬೇಕಾದ್ದು ಟಿಸಿಯಲ್ಲ, ಆರರ ಅಳತೆಯಿಂದ ಹತ್ತರ ಬಗ್ಗೆ ಮಾತಾಡುವಾಗ ಅವಳು ಎಷ್ಟು ಎಚ್ಚರ ವಹಿಸಿದಳು ಎಂಬುದು. ಅರ್ಧ ದತ್ತಾಂಶದಿಂದ ತೀರ್ಮಾನ ತೆಗೆಯುವುದೇ ಆ ಹುದ್ದೆಯ ದಿನನಿತ್ಯ.

ಒಂದೇ ಪ್ರಾಜೆಕ್ಟ್, ಮೂರು ಹುದ್ದೆ, ಮೂರು ಬೇರೆ ನಿರ್ಧಾರಗಳು ಮುಂದಕ್ಕೆ ಬಂದವು. ಯಾವುದರಲ್ಲೂ ಸುಳ್ಳಿಲ್ಲ. ಹುದ್ದೆಯ ವಿವರಣೆಯನ್ನು ಓದುವುದೆಂದರೆ ಅಲ್ಲಿರುವ ಪದಗಳನ್ನು ರೆಸ್ಯೂಮೆಗೆ ನಕಲಿಸುವುದಲ್ಲ, ಈ ಕೆಲಸದಲ್ಲಿ ದಿನವೂ ಏನು ತಪ್ಪುತ್ತದೆ ಎಂದು ಊಹಿಸಿ, ಅಂಥದ್ದೇ ಒಂದು ತಪ್ಪನ್ನು ತಾನು ಎಲ್ಲಿ ಎದುರಿಸಿದೆ ಎಂದು ಹುಡುಕುವುದು.

ರೆಸ್ಯೂಮೆಯ ಸಾಲು ಇದಕ್ಕೆ ತಕ್ಕಂತೆ ಬದಲಾಗುತ್ತದೆ. ಐಒಟಿ ಆಧಾರಿತ ಸ್ಮಾರ್ಟ್ ವಿದ್ಯುತ್ ನಿಗಾ ವ್ಯವಸ್ಥೆ ಎಂಬ ಶೀರ್ಷಿಕೆಯಿಂದ ಏನೂ ತಿಳಿಯದು. ಅದರ ಜಾಗದಲ್ಲಿ, ಸಾಲು ಇಂಗ್ಲಿಷಿನಲ್ಲೇ ಇದ್ದರೂ, ತಿರುಳು ಹೀಗಿರಬೇಕು: ‘ಹತ್ತು ಪಂಪುಗಳ ಒಂದು ಟಿಸಿಯಲ್ಲಿ ಕಂಡ ಶೇ. 15ರ ಅಂತರಕ್ಕೆ ಕಾರಣ ಹುಡುಕಿದೆವು. ಆರು ಪಂಪುಗಳ ಕರೆಂಟು ಮತ್ತು ವೋಲ್ಟೇಜ್ ಒಟ್ಟಿಗೆ ಅಳೆದೆವು. ಅಂತರದ ಬಹುಪಾಲು ಮಂಜೂರಾತಿಗಿಂತ ದೊಡ್ಡ ಮೋಟಾರುಗಳಿಂದ ಎಂದು ತೋರಿತು. ನಾಲ್ಕು ಪಂಪು ಅಳೆಯಲಾಗಿಲ್ಲ. ತಂಡದಲ್ಲಿ ನನ್ನ ಪಾಲು ಅಳತೆಯ ಯೋಜನೆ ಮತ್ತು ಲೆಕ್ಕ.’ ನಾಲ್ಕನೆಯ ವಾಕ್ಯವನ್ನು ಅಳಿಸಲು ಎಲ್ಲರ ಕೈ ತುರಿಸುತ್ತದೆ. ಅಳಿಸಬಾರದು. ಸಂದರ್ಶಕ ಮೊದಲ ಪ್ರಶ್ನೆ ಕೇಳುವುದೇ ಅದರ ಮೇಲೆ, ಆ ನಾಲ್ಕೂ ಪಂಪು ಐದರವೇ ಆಗಿದ್ದರೆ ನಿಮ್ಮ ತೀರ್ಮಾನ ಏನಾಗುತ್ತದೆ ಎಂದು. ಆಗ ದೊಡ್ಡವು ಎರಡೇ, ಬಳಕೆ ಸುಮಾರು 8,970, ವಿವರಣೆ ಸಿಗದ ಅಂತರ 630 ಯೂನಿಟ್ ಎಂದು ಅವಳು ಹೇಳಬಲ್ಲಳಾದರೆ ಆ ಕೋಣೆಯ ಮಾತುಕತೆಯ ಧಾಟಿಯೇ ಬದಲಾಗುತ್ತದೆ. ಆ ಪ್ರಶ್ನೆಗೆ ದಾರಿ ಮಾಡಿಕೊಟ್ಟದ್ದು ಅವಳೇ, ಅದೂ ತಾನು ಉತ್ತರ ಬಲ್ಲ ಜಾಗದಲ್ಲಿ.

ನನ್ನ ಪಾಲು ಎಂಬ ಮಾತಿಗೂ ಅಷ್ಟೇ ತೂಕವಿದೆ. ನಾಲ್ವರ ತಂಡದಿಂದ ನಾಲ್ಕು ರೆಸ್ಯೂಮೆ ಹೊರಟು ನಾಲ್ಕರಲ್ಲೂ ಒಂದೇ ಪ್ಯಾರಾ ಇದ್ದರೆ, ಒಂದೇ ದಿನ ನಾಲ್ವರನ್ನೂ ಕಾಣುವ ಸಂದರ್ಶಕನಿಗೆ ಯಾರು ಏನು ಮಾಡಿದರೆಂದು ತಿಳಿಯುವುದಿಲ್ಲ, ಯಾರೂ ಏನೂ ಮಾಡಿಲ್ಲವೆಂಬ ಅನುಮಾನ ಬರುತ್ತದೆ. ಅಂಗಡಿಯಲ್ಲಿ ಕೊಂಡ ರೆಡಿಮೇಡ್ ಪ್ರಾಜೆಕ್ಟ್ ಬಯಲಾಗುವುದೂ ಇಂಥಲ್ಲೇ. ಅದು ಹೇಗೆ ಓಡುತ್ತದೆ ಎಂದು ಕೇಳಿದರೆ ಕೊಂಡವನೂ ಬಾಯಿಪಾಠ ಒಪ್ಪಿಸುತ್ತಾನೆ. ಮೊದಲು ಏನು ಮಾಡಿ ನೋಡಿದಿರಿ, ಅದು ಯಾಕೆ ಆಗಲಿಲ್ಲ ಎಂದು ಕೇಳಿದರೆ ನಿಲ್ಲುತ್ತಾನೆ. ಕೊಂಡ ವಸ್ತುವಿಗೆ ಕೈಬಿಟ್ಟ ದಾರಿಗಳ ಚರಿತ್ರೆ ಇರುವುದಿಲ್ಲ. ಮಂಜೂರಾತಿಗೂ ಮೋಟಾರಿಗೂ ಇರುವ ಅಂತರದಂಥದ್ದೇ ಇದೂ, ಆದರೆ ತಿರುವುಮುರುವಾಗಿ: ಹೊಲದಲ್ಲಿ ಏಳೂವರೆ ಇರುವುದು ಬಾವಿಯಲ್ಲಿ, ರೆಸ್ಯೂಮೆಯ ವಿಷಯದಲ್ಲಿ ಏಳೂವರೆ ಇರುವುದು ಕಾಗದದಲ್ಲಿ. ಟಾಂಗ್ ಟೆಸ್ಟರ್ ಎರಡನ್ನೂ ಹಿಡಿಯುತ್ತದೆ.

ಓದಿದ ವಿಷಯಗಳಿಗೂ ಇದೇ ನ್ಯಾಯ. ನಾಲ್ಕು ವರ್ಷದ ಕೋರ್ಸುಗಳ ಪಟ್ಟಿಯನ್ನು ರೆಸ್ಯೂಮೆಗೆ ಸುರಿದರೆ ಉಪಯೋಗವಿಲ್ಲ, ಆ ಶಾಖೆಯ ಎಲ್ಲರೂ ಅವನ್ನೇ ಓದಿದ್ದಾರೆ. ನಿರ್ಧಾರವೊಂದಕ್ಕೆ ಆಸರೆಯಾದ ಎರಡು ಮೂರು ವಿಷಯಗಳನ್ನು ಮಾತ್ರ ಹೆಸರಿಸಬೇಕು, ಆಸರೆ ಹೇಗಾಯಿತು ಎಂದೂ ಹೇಳಬೇಕು. ಟಿಸಿಯ ಸಾಮರ್ಥ್ಯವನ್ನು ಕಿಲೋವ್ಯಾಟಿನಲ್ಲಿ ಅಲ್ಲದೆ ಕೆವಿಎಯಲ್ಲಿ ಯಾಕೆ ತೂಗಬೇಕು ಎಂಬುದು ವಿದ್ಯುತ್ ಯಂತ್ರಗಳ ಕೋರ್ಸಿನ ಪಾಠ, ಕಾಗದದ ಲೋಡು 47 ಕಿಲೋವ್ಯಾಟ್ ಇದೆಯಲ್ಲ ಎಂದು ಅವಳು ಸುಮ್ಮನಿರದೆ 58 ಕೆವಿಎ ಎಂದು ಲೆಕ್ಕ ಹಾಕಿದ್ದು ಆ ಪಾಠದಿಂದ. ಲೈನಿನ ಕೊನೆಯಲ್ಲಿ ವೋಲ್ಟೇಜ್ ಕುಸಿಯುತ್ತದೆಂದು ಮೊದಲೇ ನಿರೀಕ್ಷಿಸಿದ್ದು ಪ್ರಸರಣ ಮತ್ತು ವಿತರಣೆಯ ಕೋರ್ಸಿನಿಂದ. ಅಂಕ ಕಡಿಮೆ ಬಂದ ವಿಷಯವಾದರೂ ಚಿಂತೆಯಿಲ್ಲ. ಬಳಸಿದ ಪಾಠವನ್ನು ಅಂಕಪಟ್ಟಿ ಸುಳ್ಳು ಮಾಡಲಾರದು.

ಇದು ಎಂಜಿನಿಯರಿಂಗಿಗೆ ಮಾತ್ರ ಸೇರಿದ ಮಾತಲ್ಲ. ಗೋಕಾಕದಲ್ಲೋ ಮೂಡಲಗಿಯಲ್ಲೋ ಬಿ.ಕಾಂ. ಮುಗಿಸಿ ಅಕೌಂಟ್ಸ್ ಟ್ರೈನಿ ಹುದ್ದೆಗೆ ಹೋಗುವವನು ಗ್ರಾಹಕರ ತೃಪ್ತಿಯ ಸಮೀಕ್ಷೆ ಎಂದು ಐವತ್ತು ಪ್ರಶ್ನಾವಳಿ ತುಂಬಿಸುವ ಬದಲು, ಒಂದು ಕರದಂಟಿನ ಅಂಗಡಿಯ ಒಂದು ತಿಂಗಳ ಖರೀದಿ, ಮಾರಾಟ, ಉಳಿದ ದಾಸ್ತಾನು ಮೂರನ್ನೂ ಮಾಲೀಕರ ಒಪ್ಪಿಗೆ ಪಡೆದು ತಾಳೆ ನೋಡಬಹುದು. ಗೋಡಂಬಿ, ಬೆಲ್ಲ, ಅಂಟು ಇಷ್ಟು ಬಂದವು, ಕರದಂಟು ಇಷ್ಟು ಹೋಯಿತು, ನಡುವೆ ಇಷ್ಟು ತೂಕ ಕಾಣುವುದಿಲ್ಲ. ಪಾಕದಲ್ಲಿ ಆವಿಯಾದದ್ದೆಷ್ಟು, ಮನೆಗೆ ಹೋದದ್ದೆಷ್ಟು, ಬರೆಯದೆ ಮಾರಿದ್ದೆಷ್ಟು? ಒಂದು ಪಾಕವನ್ನು ಮೊದಲೂ ಕೊನೆಗೂ ತೂಗಿದರೆ ಮೊದಲನೆಯದು ಗೊತ್ತಾಗುತ್ತದೆ, ಆಗ ಉಳಿದ ಎರಡರ ಮಿತಿ ಸಿಗುತ್ತದೆ. ಟಿಸಿಯ ಲೆಕ್ಕಕ್ಕೂ ಇದಕ್ಕೂ ಬುದ್ಧಿಯ ಕೆಲಸ ಒಂದೇ.

ಈ ವಾದಕ್ಕೆ ಎರಡು ಗಟ್ಟಿ ಆಕ್ಷೇಪಗಳಿವೆ. ಮೊದಲನೆಯದು, ದೊಡ್ಡ ಕಂಪನಿಗಳು ಸಾವಿರಗಟ್ಟಲೆ ಮಂದಿಯನ್ನು ತೆಗೆದುಕೊಳ್ಳುವಾಗ ಪ್ರಾಜೆಕ್ಟ್ ನೋಡುವುದೇ ಇಲ್ಲ, ಶೇಕಡಾವಾರು ಅಂಕದ ಕಟಾಫ್, ಬ್ಯಾಕ್‌ಲಾಗ್ ಇಲ್ಲದಿರುವುದು, ಆನ್‌ಲೈನ್ ಪರೀಕ್ಷೆ, ಇಷ್ಟರಲ್ಲೇ ಹೆಚ್ಚಿನವರನ್ನು ಸೋಸಿಬಿಡುತ್ತವೆ ಎಂಬುದು. ಇದು ನಿಜ. ಎಷ್ಟೇ ಒಳ್ಳೆಯ ಪ್ರಾಜೆಕ್ಟಾದರೂ ಆ ಜರಡಿಯನ್ನು ದಾಟಿಸುವುದಿಲ್ಲ, ದಾಟಿಸುತ್ತದೆಂದು ವಿದ್ಯಾರ್ಥಿಗಳಿಗೆ ಆಸೆ ಹುಟ್ಟಿಸುವುದು ಮೋಸ. ಪ್ರಾಜೆಕ್ಟಿಗೆ ಬೆಲೆ ಬರುವುದು ಜರಡಿಯ ಆಚೆ, ಒಂದೇ ಅಂಕದ ಹತ್ತು ಮಂದಿ ತಾಂತ್ರಿಕ ಸಂದರ್ಶನಕ್ಕೆ ಉಳಿದಾಗ. ಜರಡಿಯೇ ಇಲ್ಲದ ಕಡೆಯೂ ಅದಕ್ಕೆ ಬೆಲೆಯಿದೆ, ಅಂದರೆ ಇಬ್ಬರು ಮೂವರನ್ನು ಮಾತ್ರ ತೆಗೆದುಕೊಳ್ಳುವ ಕಾರ್ಖಾನೆ, ಗುತ್ತಿಗೆದಾರ, ಸಹಕಾರಿ ಸಂಸ್ಥೆಗಳಲ್ಲಿ. ನಮ್ಮ ಮೂರು ತಾಲೂಕುಗಳ ಸುತ್ತ ಇರುವ ಕೆಲಸಗಳಲ್ಲಿ ಹೆಚ್ಚಿನವು ಈ ಎರಡನೆಯ ಬಗೆಯವು ಎಂಬುದನ್ನು ಮರೆಯಬಾರದು.

ಎರಡನೆಯ ಆಕ್ಷೇಪ ಇನ್ನೂ ಸೂಕ್ಷ್ಮ. ಹೇಗೂ ಕಂಪನಿ ಆರು ತಿಂಗಳು ತರಬೇತಿ ಕೊಡುತ್ತದೆ, ಹಾಗಿದ್ದಮೇಲೆ ಪಂಪಿನ ಲೆಕ್ಕ ಬಂದರೇನು ಬಾರದಿದ್ದರೇನು ಎಂಬುದು. ಆದರೆ ತರಬೇತಿ ಕೊಡುವುದರಿಂದಲೇ ಕಂಪನಿ ಹೆಚ್ಚು ಎಚ್ಚರ ವಹಿಸುತ್ತದೆ. ಸಂಬಳ ಕೊಟ್ಟು ಕಲಿಸುವವನಿಗೆ ಕಲಿಯುವವನು ಎಲ್ಲಿ ಎಡವಿದೆನೆಂದು ತಾನೇ ಗುರುತಿಸಬಲ್ಲನೇ ಎಂಬುದು ಮುಖ್ಯ. ಗೊತ್ತಿಲ್ಲದ್ದನ್ನು ಗೊತ್ತಿದೆ ಎನ್ನುವ ಹೊಸಬ ಕಾರ್ಖಾನೆಯಲ್ಲಿ ಅಪಾಯಕಾರಿ. ನಾಲ್ಕು ಪಂಪು ಅಳೆದಿಲ್ಲ ಎಂದು ಬರೆದವಳು ಆ ಅಪಾಯ ತನ್ನಿಂದಿಲ್ಲ ಎಂದು ಮೊದಲೇ ತೋರಿಸಿದ್ದಾಳೆ. ತರಬೇತಿಯಿಂದ ಕಲಿಸಲು ಕಷ್ಟವಾದ ಗುಣ ಅದೊಂದೇ.

ಇದರಲ್ಲಿ ಕಾಲೇಜಿನ ಹೊಣೆಯೂ ಇದೆ. ಸಬ್‌ಸ್ಟೇಷನ್ನಿನ ಲಾಗ್ ಪುಸ್ತಕ ನೋಡಲು, ಲೈನ್‌ಮನ್ ಜೊತೆ ಹೋಗಲು ವಿದ್ಯಾರ್ಥಿ ಒಬ್ಬನೇ ಹೋಗಿ ನಿಂತರೆ ಯಾರೂ ಬಿಡರು, ಬಿಡಲೂ ಬಾರದು. ವಿಭಾಗದ ಮುಖ್ಯಸ್ಥರ ಪತ್ರ ಬೇಕು, ಸಂಘದ ಅಥವಾ ಹೆಸ್ಕಾಂನ ಶಾಖಾಧಿಕಾರಿಯ ಒಪ್ಪಿಗೆ ಬೇಕು, ದೊಡ್ಡ ಮೋಟಾರು ಇಳಿಸಿದ ರೈತನ ಹೆಸರು ವರದಿಯಲ್ಲಿ ಬರುವುದಿಲ್ಲ ಎಂಬ ಭರವಸೆ ಬೇಕು. ಆ ಭರವಸೆಯಿಲ್ಲದೆ ಹೋದರೆ ರೈತ ಎರಡನೆಯ ಸಲ ಪೆಟ್ಟಿಗೆ ತೆರೆಯುವುದಿಲ್ಲ, ದತ್ತಾಂಶವೂ ಅಲ್ಲಿಗೆ ಮುಗಿಯುತ್ತದೆ. ಇದೆಲ್ಲಕ್ಕೆ ಕೊನೆಯ ಸೆಮಿಸ್ಟರಿನ ಗಡಿಬಿಡಿ ಸಾಲದು, ಬೇಸಿಗೆಯ ಲೋಡು ಹಿಡಿಯಬೇಕಾದರೆ ಹಿಂದಿನ ವರ್ಷವೇ ವಿಷಯ ಗೊತ್ತಾಗಿರಬೇಕು. ಹಣದ ನೆಪ ಹೇಳುವವರು ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ 1977ರಿಂದ ವಿದ್ಯಾರ್ಥಿಗಳ ಪ್ರಾಜೆಕ್ಟ್‌ಗಳಿಗೆ ನೆರವು ನೀಡುತ್ತ ಬಂದಿರುವುದನ್ನು ನೆನೆಯಬಹುದು. ಈ ಟಿಸಿಯ ಪ್ರಾಜೆಕ್ಟಿಗೆ ಅದೂ ಬೇಡ, ಬಸ್ ಚಾರ್ಜು ಮತ್ತು ಒಂದು ನೋಟ್‌ಬುಕ್ಕು ಸಾಕು.

ವೈವಾದಲ್ಲಿ ಕೂರುವ ಅಧ್ಯಾಪಕರೂ ಒಂದು ಪದ್ಧತಿ ಬದಲಿಸಬಹುದು. ಪ್ರಾಜೆಕ್ಟ್ ಓಡುತ್ತದೆಯೇ ಎಂದು ನೋಡಿ ಅಂಕ ಹಾಕುವ ಬದಲು, ಯಾವ ಕಾರಣಗಳನ್ನು ಕೈಬಿಟ್ಟಿರಿ, ಯಾವ ಅಳತೆಯ ಆಧಾರದ ಮೇಲೆ ಎಂದು ಕೇಳಿ ಅಂಕ ಹಾಕಬಹುದು. ಹಾಗೆ ಕೇಳುತ್ತಾರೆಂದು ಗೊತ್ತಾದ ವರ್ಷದಿಂದ ರೆಡಿಮೇಡ್ ಅಂಗಡಿಗಳ ವ್ಯಾಪಾರ ತಾನಾಗಿ ಇಳಿಯುತ್ತದೆ, ಆ ಪ್ರಶ್ನೆಗೆ ಉತ್ತರವನ್ನು ಅವರು ಮಾರಲಾರರು.

ಅಲ್ಲಿಯವರೆಗೆ ವಿದ್ಯಾರ್ಥಿ ತನ್ನ ಪ್ರಾಜೆಕ್ಟನ್ನು ತಾನೇ ಪರೀಕ್ಷಿಸಿಕೊಳ್ಳಲು ಒಂದು ಪ್ರಶ್ನೆ ಸಾಕು. ನಿಮ್ಮ ತೀರ್ಮಾನ ತಪ್ಪು ಎಂದು ಯಾವ ಅಳತೆ ತೋರಿಸಬಲ್ಲದು? ಟಿಸಿಯ ತಂಡಕ್ಕೆ ಉತ್ತರ ಸಿದ್ಧವಿದೆ: ಉಳಿದ ನಾಲ್ಕು ಪಂಪುಗಳ ಕರೆಂಟು ಮತ್ತು ವೋಲ್ಟೇಜ್. ಉತ್ತರ ಸಿಗದ ಪ್ರಾಜೆಕ್ಟಿನಲ್ಲಿ ತೀರ್ಮಾನವೇ ಇಲ್ಲ, ಶೀರ್ಷಿಕೆ ಮಾತ್ರ ಇದೆ. ಅಂಥದ್ದನ್ನು ಸಂದರ್ಶನದ ಕೋಣೆಗೆ ಒಯ್ಯುವ ಮೊದಲು ಇನ್ನೊಂದು ದಿನ ಹೊಲಕ್ಕೆ ಹೋಗಿ ಬರುವುದು ಲೇಸು.